ಒಲ್ಲೆವೆನ್ನುವುದೂ ಜವಾಬ್ದಾರಿಯೇ

ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಪ್ರತಿಯೊಂದು ತರಗತಿಗೂ ರಕ್ಷಕರ ಪ್ರತಿನಿಧಿಯೊಬ್ಬರು ಬೇಕಾಗುತ್ತದೆ. ಈ ವರ್ಷ ನಮ್ಮ ಮಗಳ ತರಗತಿಯ ಅಧ್ಯಾಪಿಕೆಯವರು ಆ ಕೆಲಸವನ್ನು ವಹಿಸಿಕೊಳ್ಳುವಂತೆ ನಮ್ಮನ್ನು ಕೇಳಿದರು. ನಾವು ಗಂಡಹೆಂಡಿರು ಎರಡು ದಿನ ಯೋಚಿಸಿ, ಆಗುವುದಿಲ್ಲವೆಂದು ತಿಳಿಸಿದೆವು. ಮಗಳು ಕಲಿಯುವ ಶಾಲೆಗೆ ಹೀಗೆ ಹೇಳಬಹುದೇ ಎಂದು ಕೆಲವರು ಆಕ್ಷೇಪಿಸಿದ್ದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲನೆಯದಾಗಿ, ನಮ್ಮದು ಅಡಿಕೆಗೆ ಮದ್ದು ಬಿಡುವ ಕೆಲಸ. ಕೊಳೆರೋಗ ಬಾರದಂತೆ ಮಳೆಗಾಲದ ಆರಂಭದಲ್ಲಿ ಒಮ್ಮೆ, ಅದಾಗಿ 40-45 ದಿನಗಳಲ್ಲಿ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿದ ದ್ರಾವಣವನ್ನು ಆ ದಿನವೇ ಮುಗಿಸಬೇಕು. ಮರುದಿನಕ್ಕೆ ಅದು ಪ್ರಯೋಜನವಿಲ್ಲ. ಒಬ್ಬರು ಮರದ ಮೇಲಿದ್ದರೆ ಇನ್ನೊಬ್ಬರು ಕೆಳಗೆ ದ್ರಾವಣ ಕಲಸಲು ಬೇಕು. ಸಭೆಯ ದಿನವನ್ನು ವಾರ ಮುಂಚಿತವಾಗಿ ಗೊತ್ತುಪಡಿಸಬಹುದು. ಮಳೆ ಬಿಡುವ ಹೊತ್ತನ್ನು ಯಾರು ಗೊತ್ತುಪಡಿಸಬಲ್ಲರು? ತರಗತಿಯ ಪ್ರತಿನಿಧಿಗೆ ಹೆಚ್ಚು ಓಡಾಟವಿರುವುದೂ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲೇ.

ಎರಡನೆಯದು ಭಾಷೆಯ ಸಂಗತಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮೇಲಿನ ಕಚೇರಿಗಳಿಂದ ಬರುವ ಸುತ್ತೋಲೆಗಳು ಬಹುಪಾಲು ಮಲಯಾಳದಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತ ನಾವು ಪೇಟೆಯಲ್ಲಿ ಮಲಯಾಳ ಮಾತಾಡುತ್ತೇವೆ. ಕಚೇರಿಯ ಮಲಯಾಳವನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಪಾಠ ನಮಗಿಲ್ಲ. ಪ್ರತಿನಿಧಿಯಾದವರು ಆ ಸುತ್ತೋಲೆಯನ್ನು ಕನ್ನಡದಲ್ಲಿ ಇತರ ರಕ್ಷಕರಿಗೆ ತಿಳಿಸಬೇಕು. ವಿದ್ಯಾರ್ಥಿವೇತನದ ಅರ್ಜಿಗೆ ಯಾವ ಕಾಗದ ಬೇಕು, ಕೊನೆಯ ದಿನ ಯಾವುದು ಎಂಬುದನ್ನು ತಪ್ಪಾಗಿ ಹೇಳಿದರೆ ನಷ್ಟವಾಗುವುದು ನಮಗಲ್ಲ, ಯಾರದೋ ಮಗುವಿಗೆ.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚವಾಯಿತು. ವಾರ್ಷಿಕೋತ್ಸವಕ್ಕೂ ಪ್ರವಾಸಕ್ಕೂ ಪ್ರತಿನಿಧಿಯೇ ಹಣ ಸಂಗ್ರಹಿಸುವುದು ರೂಢಿ. ಆ ತರಗತಿಯ ಹಲವು ಮಕ್ಕಳ ಮನೆಯ ತೋಟಗಳಲ್ಲೇ ನಾವು ದುಡಿಯುತ್ತೇವೆ. ಕೂಲಿ ಕೊಡುವವರ ಮುಂದೆ ವಂತಿಗೆಯ ಪುಸ್ತಕ ಹಿಡಿದು ನಿಲ್ಲುವುದು ನಮಗೂ ಕಷ್ಟ, ಅವರಿಗೂ ಕಷ್ಟ. ಬಾಕಿಯನ್ನು ನೆನಪಿಸಲು ನಮ್ಮ ನಾಲಗೆ ಏಳಲಾರದು.

ಇಷ್ಟನ್ನೆಲ್ಲ ಹೇಳುವ ಬದಲು ಮೈಯಲ್ಲಿ ಸೌಖ್ಯವಿಲ್ಲವೆಂದರೆ ಸಾಲದೇ ಎಂದು ನೆರೆಯವರೊಬ್ಬರು ಕೇಳಿದರು. ಸಾಲದು. ಮರುದಿನ ನಾವು ಅಡಿಕೆ ಮರದಲ್ಲಿರುವುದನ್ನು ಊರೇ ನೋಡುತ್ತದೆ. ಮಾತು ಶಾಲೆಗೆ ತಲಪಿದಾಗ ತಲೆತಗ್ಗಿಸಬೇಕಾದವಳು ಮಗಳು. ನಮ್ಮ ಕಡೆ ಇನ್ನೊಂದು ಉತ್ತರವಿದೆ: 'ನೋಡುವಾ'. ಅದು ಅದಕ್ಕಿಂತಲೂ ಕೆಟ್ಟದ್ದು. ಹೇಳಿದವರು ಅದನ್ನು ಇಲ್ಲವೆಂದು ತಿಳಿಯುತ್ತಾರೆ, ಕೇಳಿದವರು ಹೌದೆಂದು ತಿಳಿದು ಹೆಸರು ಬರೆಯುತ್ತಾರೆ. ಅನಂತರ ವರ್ಷವಿಡೀ ಪುಸ್ತಕದಲ್ಲಿ ಪ್ರತಿನಿಧಿಯ ಹೆಸರಿರುತ್ತದೆ, ಸಭೆಯಲ್ಲಿ ಕುರ್ಚಿ ಖಾಲಿಯಿರುತ್ತದೆ. ಹೆಸರಿರುವುದರಿಂದ ಬೇರೆಯವರನ್ನು ಹುಡುಕುವಂತೆಯೂ ಇಲ್ಲ.

ಆದುದರಿಂದ ರಕ್ಷಕರ ಸಭೆಗೆ ಮೊದಲೇ ಶಾಲೆಗೆ ಹೋಗಿ, "ಟೀಚರೇ, ಈ ವರ್ಷ ನಮ್ಮಿಂದ ಆಗಲಿಕ್ಕಿಲ್ಲ. ಬೇರೆಯವರನ್ನು ನೋಡಿಕೊಳ್ಳಿ. ಕಾರಣ ಹೇಳುತ್ತೇವೆ" ಎಂದೆವು. ತುಂಬಿದ ಸಭೆಯಲ್ಲಿ ಎದ್ದುನಿಂತು ನಿರಾಕರಿಸಿದ್ದರೆ ಅವರಿಗೂ ಮುಜುಗರ, ಬೇರೆಯವರನ್ನು ಕೇಳಲು ಸಮಯವೂ ಇರುತ್ತಿರಲಿಲ್ಲ. ಕಾರಣಗಳನ್ನು ಕೇಳಿದ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ಒಬ್ಬರ ಕೆಲಸವಲ್ಲ" ಎಂದರು. ಕೊನೆಗೆ ಮಲಯಾಳ ಓದಬಲ್ಲ ತಾಯಿಯೊಬ್ಬರು ಸುತ್ತೋಲೆಗಳನ್ನು ತಿಳಿಸುವ ಭಾರ ಹೊತ್ತರು. ಹಣವನ್ನು ರಶೀದಿ ಕೊಟ್ಟು ಶಾಲೆಯಲ್ಲೇ ಪಡೆಯುವುದೆಂದಾಯಿತು. ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಚಪ್ಪರ ಹಾಕಿ ಬಿಚ್ಚುವ ಎರಡು ದಿನದ ಕೆಲಸವನ್ನು ನಾವು ಕೇಳಿ ಪಡೆದೆವು.

ನಿಜವಾದ ಕಾರಣಕ್ಕೂ ನೆಪಕ್ಕೂ ಇರುವ ವ್ಯತ್ಯಾಸ ಇಲ್ಲಿದೆಯೆಂದು ನಮಗೆ ತೋರುತ್ತದೆ. ನೆಪವನ್ನು ಕೇಳಿದವರು ಏನೂ ಮಾಡುವಂತಿಲ್ಲ. ಕಾರಣವನ್ನು ಕೇಳಿದವರು ಕೆಲಸವನ್ನೇ ಬದಲಾಯಿಸಬಹುದು. ಮಳೆಯ ಕಾರಣಕ್ಕೆ ಶಾಲೆಯಲ್ಲಿ ಪರಿಹಾರವಿಲ್ಲ, ನಿಜ, ಉಳಿದೆರಡಕ್ಕೆ ಇತ್ತು. ನಮ್ಮಂತೆಯೇ ಮಲಯಾಳ ಓದಲಾರದ, ಹಣ ಕೇಳಲು ಹಿಂಜರಿಯುವ ರಕ್ಷಕರು ಬಹಳ ಮಂದಿ ಇದ್ದಾರೆ. ಅವರೆಲ್ಲ ಇದುವರೆಗೆ 'ನೋಡುವಾ' ಎನ್ನುತ್ತಿದ್ದುದರಿಂದಲೇ ಈ ತೊಡಕುಗಳು ಶಾಲೆಗೆ ತಿಳಿದಿರಲಿಲ್ಲ.

ಪ್ರತಿವರ್ಷವೂ ಇದೇ ಉತ್ತರ ಕೊಡುವ ಹಕ್ಕು ನಮಗಿದೆಯೆಂದು ನಾವು ಹೇಳುವುದಿಲ್ಲ. ಸಾಮಾನ್ಯ ಸಭೆಗೆ ಬರುವುದು, ಮಗಳ ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಅಧ್ಯಾಪಕರೊಡನೆ ಮಾತಾಡುವುದು ಯಾವ ರಕ್ಷಕರೂ ತಪ್ಪಿಸಿಕೊಳ್ಳಬಾರದ ಕೆಲಸ. ಆದರೆ ವಹಿಸಿಕೊಂಡು ಮಾಡದಿರುವುದಕ್ಕಿಂತ, ಕಾರಣ ಹೇಳಿ ವಹಿಸಿಕೊಳ್ಳದಿರುವುದರಿಂದ ಶಾಲೆಗೆ ಹೆಚ್ಚು ಉಪಕಾರ ಎಂಬುದೇ ನಮ್ಮ ದೃಢ ಅಭಿಪ್ರಾಯ.