ವಂದನಾರ್ಪಣೆಗೆ ಮೂರು ನಿಮಿಷ

ಹೊಳಲ್ಕೆರೆಯಲ್ಲಿ ಅಡಿಕೆ ಬೆಳೆಗಾರರ ಒಂದು ದಿನದ ತಾಂತ್ರಿಕ ಸಭೆ ಎನ್ನಿ. ಅಧ್ಯಕ್ಷರ ಮಾತು ಮುಗಿದಿದೆ. ಉಳಿದಿರುವುದು ವಂದನಾರ್ಪಣೆ ಮತ್ತು ರಾಷ್ಟ್ರಗೀತೆ. ಹೊಸದುರ್ಗದ ಕಡೆಯ ಬಸ್ಸು ಹಿಡಿಯಬೇಕಾದವರು ಚೀಲ ಎತ್ತಿಕೊಂಡಿದ್ದಾರೆ. ಆಗ ವೇದಿಕೆಗೆ ಬಂದವರು ಆಮಂತ್ರಣ ಪತ್ರಿಕೆ ಬಿಡಿಸಿ, ಸ್ವಾಗತ ಕೋರಿದವರು ಬೆಳಿಗ್ಗೆ ಓದಿದ ಹೆಸರುಗಳನ್ನೇ ಅದೇ ಕ್ರಮದಲ್ಲಿ, ಅವೇ ವಿಶೇಷಣಗಳೊಂದಿಗೆ ಮತ್ತೆ ಓದುತ್ತಾರೆ. ಪ್ರತಿ ಹೆಸರಿನ ಹಿಂದೆಯೂ ‘ತಮ್ಮ ಅಮೂಲ್ಯ ಸಮಯ’, ಮುಂದೆ ‘ಹೃತ್ಪೂರ್ವಕ ವಂದನೆಗಳು’. ಹತ್ತು ಹೆಸರು ದಾಟುವ ಹೊತ್ತಿಗೆ ಕುರ್ಚಿಗಳು ಸರಿಯುವ ಸದ್ದು ಕೇಳುತ್ತದೆ. ದಿನವಿಡೀ ದುಡಿದವರ ಹೆಸರು ಪಟ್ಟಿಯ ಕೊನೆಯಲ್ಲಿ ಬರುವುದರಿಂದ ಆ ಸದ್ದಿನಲ್ಲಿ ಮುಳುಗುವುದು ಅವರ ಹೆಸರೇ. ಇದು ಅನ್ಯಾಯ, ಮತ್ತು ಇದನ್ನು ಸುಲಭವಾಗಿ ತಪ್ಪಿಸಬಹುದು.

ವಂದನಾರ್ಪಣೆಯನ್ನು ಹಿಂದಿನ ದಿನ ಬರೆದಿಡಲಾಗದು. ಅದು ಸಭೆಯಲ್ಲೇ ಹುಟ್ಟಬೇಕು. ವಂದಿಸುವ ಹೊಣೆ ಹೊತ್ತವರು ಬೆಳಿಗ್ಗೆಯಿಂದ ಮುಂದಿನ ಸಾಲಿನಲ್ಲಿ ಕೂತು, ಪ್ರತಿ ಉಪನ್ಯಾಸದಿಂದ ಒಂದೇ ಒಂದು ಮಾತನ್ನು ಬರೆದುಕೊಂಡರೆ ಸಾಕು: ಕೇಳಿದವರು ನಾಳೆ ತೋಟದಲ್ಲಿ ಮಾಡಿ ನೋಡಬಹುದಾದ ಮಾತು. ಹಿರಿಯೂರಿನ ಬಬ್ಬೂರು ಫಾರಂನಿಂದ ಬಂದ ವಿಜ್ಞಾನಿ ಹಿಡಿಮುಂಡಿಗೆ ರೋಗದ ಬಗ್ಗೆ ಒಂದು ಗಂಟೆ ಮಾತನಾಡಿದ್ದಾರೆ ಎನ್ನೋಣ. ಅವರಿಗೆ ಸಲ್ಲಬೇಕಾದ ವಂದನೆ ಇಷ್ಟು: ‘ಹಿಡಿಮುಂಡಿಗೆ ಕಂಡ ಮರಕ್ಕೆ ಗೊಬ್ಬರ ಸುರಿಯುವ ಮುನ್ನ ಬುಡದಲ್ಲಿ ನೀರು ನಿಲ್ಲುತ್ತಿದೆಯೇ ನೋಡಿ, ಬಸಿಗಾಲುವೆ ತೆಗೆಯಿರಿ ಎಂದಿರಿ ಸರ್. ಈ ವಾರವೇ ಗುದ್ದಲಿ ಹಿಡಿಯುವವರು ಇಲ್ಲಿ ಕೂತಿದ್ದಾರೆ. ಅವರೆಲ್ಲರ ಪರವಾಗಿ ನಿಮಗೆ ವಂದನೆ.’ ತನ್ನ ಮಾತು ಯಾರದೋ ತೋಟಕ್ಕೆ ಹೋಗಲಿದೆ ಎಂಬ ಖಾತರಿ ಇದರಿಂದ ಆ ವಿಜ್ಞಾನಿಗೆ ಸಿಗುತ್ತದೆ. ಶಾಲು, ಹಾರ ಆ ಖಾತರಿ ಕೊಡಲಾರವು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದು ಮಾತು ಎತ್ತಿದ ಮೇಲೆ ಇಡೀ ಉಪನ್ಯಾಸದ ಸಾರಾಂಶ ಹೇಳುವ, ತನ್ನ ತೋಟದ ಅನುಭವ ಸೇರಿಸುವ ಆಸೆ ಬರುತ್ತದೆ. ಅಲ್ಲಿಗೆ ಅದು ಇನ್ನೊಂದು ಭಾಷಣವಾಗುತ್ತದೆ.

ಸಂಘಟಕರ ವಿಷಯದಲ್ಲಿ ಹುದ್ದೆ ಬಿಟ್ಟು ಕೆಲಸ ಹಿಡಿಯಬೇಕು. ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬ ಸಾಲು ಯಾರನ್ನೂ ಮುಟ್ಟುವುದಿಲ್ಲ. ‘ಬೆಳಿಗ್ಗೆ ಕರೆಂಟು ಹೋದಾಗ ಅರ್ಧ ಗಂಟೆಯಲ್ಲಿ ಜನರೇಟರ್ ತಂದು ನಿಲ್ಲಿಸಿದ ಹುಡುಗರಿಗೆ’ ಎಂದರೆ ಸಭೆಯೆಲ್ಲ ತಿರುಗಿ ಅವರನ್ನು ನೋಡುತ್ತದೆ. ಹೆಸರು ಬಿಟ್ಟುಹೋಗುವ ಭಯಕ್ಕೂ ಇದೇ ಪರಿಹಾರ. ಇಪ್ಪತ್ತು ಹೆಸರು ಓದಿ ಇಪ್ಪತ್ತೊಂದನೆಯದನ್ನು ಬಿಟ್ಟರೆ ನೋವಾಗುತ್ತದೆ. ನೋಂದಣಿಗೆ ಕೂತವರು, ಕುರ್ಚಿ ಹಾಕಿದವರು, ಸಭಾಂಗಣ ಕೊಟ್ಟವರು ಎಂದು ಕೆಲಸದ ಮೇಲೆ ಕರೆದರೆ ಯಾರೂ ಹೊರಗುಳಿಯುವುದಿಲ್ಲ. ಹೆಸರಿಟ್ಟು ಕರೆಯಲೇಬೇಕಾದ ನಾಲ್ಕೈದು ಜನರ ಹೆಸರು, ಇನಿಷಿಯಲ್ಲು, ಉಚ್ಚಾರಣೆಯನ್ನು ಊಟದ ಬಿಡುವಿನಲ್ಲಿ ಅವರನ್ನೇ ಕೇಳಿ ಬರೆದುಕೊಳ್ಳಬೇಕು. ವಿಜ್ಞಾನಿಯ ಹೆಸರನ್ನು ತಪ್ಪಾಗಿ ಕರೆದ ಮೇಲೆ ಎಷ್ಟು ಹೊಗಳಿದರೂ ಅದು ಸರಿಹೋಗದು.

ಬಂದವರಿಗೆ ಹೇಳುವ ವಂದನೆಯೂ ಹೀಗೆಯೇ ಇರಲಿ. ಕೊಳವೆಬಾವಿಯ ನೀರು ಇಳಿದಾಗ ಹನಿ ನೀರಾವರಿಯನ್ನು ಎಷ್ಟು ಹೊತ್ತು ಬಿಡಬೇಕು ಎಂದು ಹಿಂದಿನ ಸಾಲಿನಿಂದ ಎದ್ದು ಕೇಳಿದ ಹೆಣ್ಣುಮಗಳೊಬ್ಬರಿದ್ದರೆ, ಆ ಪ್ರಶ್ನೆಯನ್ನೇ ನೆನೆದು ಅವರಿಗೆ ವಂದಿಸಬೇಕು. ಮುಂದಿನ ಸಭೆಯಲ್ಲಿ ಇನ್ನೂ ನಾಲ್ವರು ಎದ್ದು ಕೇಳುವ ಧೈರ್ಯ ಮಾಡುತ್ತಾರೆ. ಇಬ್ಬರು ಉಪನ್ಯಾಸಕರಿಗೆ ತಲಾ ನಾಲ್ಕು ವಾಕ್ಯ, ಸಂಘಟಕರಿಗೆ ಐದಾರು, ಸಭೆಗೆ ಮೂರು: ಬಿಡಿಸಿ ಬಿಡಿಸಿ ಹೇಳಿದರೂ ಮೂರು ನಿಮಿಷ ಮೀರದು. ಕೊನೆಯ ವಂದನೆ ಅಡುಗೆಯವರಿಗಿರಲಿ. ಆಮೇಲೆ ರಾಷ್ಟ್ರಗೀತೆಗೆ ಎದ್ದು ನಿಲ್ಲುವಂತೆ ಕೋರಿ, ಮೈಕು ಬಿಟ್ಟುಕೊಡಬೇಕು.