ಕಾಣದ ಕುತ್ತಿಗೆಗೆ ಹೆಸರಿಡಬೇಡಿ

ಮೂಡಿಗೆರೆ, ಕಳಸದ ಕಡೆ ಹೊಲಿಗೆ ಮಾಡುವ ಅಕ್ಕಂದಿರು ರವಿಕೆ, ಕುರ್ತಾ ಮಾರಲು ಆ್ಯಪಿಗೆ ಫೋಟೊ ಹಾಕಿದರೆ, ಬಣ್ಣ, ಡಿಸೈನು, ಕುತ್ತಿಗೆಯ ಮಾದರಿಯನ್ನು ಚಿತ್ರ ಓದುವ ಎಐ ತಾನೇ ತುಂಬುತ್ತದಂತೆ. ಆಮೇಲೆ ಮನುಷ್ಯರು ನೋಡಿ ತಿದ್ದುತ್ತಾರಂತೆ. ಅದು ನೋಡಿದ ಶಾಸ್ತ್ರವಷ್ಟೇ ಆಗಬಾರದು ಎಂಬುದು ನಮ್ಮ ತಕರಾರು.

ಗುಳೇದಗುಡ್ಡದ ಖಣವನ್ನೇ ತೆಗೆದುಕೊಳ್ಳಿ. ಮಾರುವುದು ಹೊಲಿಯದ ಬಟ್ಟೆ. ಫೋಟೊದಲ್ಲಿ ಹುಡುಗಿ ಅದರದೇ ರವಿಕೆ ತೊಟ್ಟಿದ್ದರೆ ಎಐ ‘ರೌಂಡ್ ನೆಕ್’ ಎಂದು ಬರೆದುಬಿಡಬಹುದು. ಕುತ್ತಿಗೆಯ ಕಾಲಂ ಇದೆ, ‘ಅನ್ವಯಿಸದು’ ಎಂಬ ಆಯ್ಕೆ ಇಲ್ಲ ಅಂದಮೇಲೆ ಅದಾದರೂ ಏನು ಮಾಡೀತು? ದುಪಟ್ಟಾ ಮುಚ್ಚಿದ ಕುತ್ತಿಗೆಗೂ ಇದೇ ಗತಿ. ‘ಕಾಣುತ್ತಿಲ್ಲ’ ಎನ್ನಲು ಜಾಗ ಕೊಡಿ.

ಬಣ್ಣದ ಪಾಡು ಬೇರೆ. ನಮ್ಮ ಮಳೆಗಾಲದ ಕತ್ತಲಲ್ಲಿ ಹಳದಿ ಬಲ್ಬಿನಡಿ ತೆಗೆದರೆ ಬಿಳಿ ಕೆನೆಬಣ್ಣವಾಗುತ್ತದೆ, ನೇರಳೆ ಕಂದು ತಿರುಗುತ್ತದೆ. ದೂರದ ಆಫೀಸಿನಲ್ಲಿ ಕೂತವರು ಅದೇ ಫೋಟೊ ನೋಡಿ ‘ಓಕೆ’ ಒತ್ತಿದರೆ ಅದೇ ತಪ್ಪಿಗೆ ಇನ್ನೊಂದು ಸಹಿ ಬಿತ್ತು, ಅಷ್ಟೇ. ವಾಪಸು ಪಾರ್ಸೆಲ್ ಬರುವುದು ಅಕ್ಕನ ಮನೆಗೆ.

ಹಾಗಾಗಿ ಬಟ್ಟೆ ಕೈಯಲ್ಲಿರುವವರೇ ಪರಿಶೀಲಿಸಲಿ. ಹಗಲು ಬಾಗಿಲ ಬೆಳಕಿನಲ್ಲಿ, ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟು ಫೋಟೊ ತೆಗೆಯಲಿ. ಹಾಳೆಯೇ ಹಳದಿ ಕಂಡರೆ ಬಣ್ಣದ ಉತ್ತರ ನಂಬಬಾರದು. ಎಐ ಬರೆದದ್ದನ್ನು ತೋರಿಸುವ ಮೊದಲು ಅಕ್ಕನ ಉತ್ತರ ಕೇಳಿ. ಮೊದಲೇ ತೋರಿಸಿದರೆ ‘ಇರಬಹುದು’ ಎಂದು ಒಪ್ಪುವುದೇ ಹೆಚ್ಚು. ಎರಡೂ ಹೊಂದದ ಫೋಟೊಗಳನ್ನು ಆಫೀಸಿನವರು ಮತ್ತೆ ನೋಡಲಿ, ಬಟ್ಟೆಯ ಬಗ್ಗೆ ಅಕ್ಕನಿಗೇ ಫೋನ್ ಮಾಡಿ ಕೇಳಲಿ.