ನೆರಳನ್ನು ಬೆಳಗಿಸಬೇಡಿ, ಮರಳಿನಿಂದಲೇ ಮುಚ್ಚಿ

ಪಣಂಬೂರಿನ ಕಡಲತೀರದಲ್ಲಿ ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆದರೆ ನಮ್ಮದೇ ನೆರಳು ಚಿತ್ರದೊಳಗೆ ಬಂದು ಮಲಗುತ್ತದೆ. ಸೂರ್ಯ ಮುಳುಗಲು ಸುಮಾರು 45 ನಿಮಿಷ ಇರುವಾಗ ಅದು ದಿಗಂತದಿಂದ 10 ಡಿಗ್ರಿಯಷ್ಟೇ ಮೇಲಿರುತ್ತದೆ. ಆಗ ಐದೂವರೆ ಅಡಿ ಎತ್ತರದವರ ನೆರಳು 31 ಅಡಿ ಉದ್ದ!

ನಮ್ಮಲ್ಲಿ ಅನೇಕರು ಆ ಭಾಗವನ್ನು ಆಯ್ದು ಬೆಳಕು ಹೆಚ್ಚಿಸುತ್ತಾರೆ. ಅದು ವ್ಯರ್ಥ ಶ್ರಮ ಎಂದೇ ನನ್ನ ಅಭಿಪ್ರಾಯ. ನೆರಳಿನೊಳಗೆ ಬೀಳುವುದು ಹೆಚ್ಚಾಗಿ ನೀಲಿ ಆಕಾಶದ ಬೆಳಕು, ಹಾಗಾಗಿ ಬೆಳಗಿಸಿದ ಮರಳು ನೀಲಿಯಾಗಿ ಕಾಣುತ್ತದೆ. ಬಣ್ಣವನ್ನು ತಿದ್ದಬಹುದು ಅನ್ನಿ. ಆದರೆ ಓರೆ ಬಿಸಿಲಿನಲ್ಲಿ ಮರಳಿನ ಪ್ರತಿಯೊಂದು ಏರಿಗೂ ಪುಟ್ಟ ನೆರಳಿರುತ್ತದೆ. ನಮ್ಮ ನೆರಳಿನೊಳಗೆ ಅವು ಇರುವುದೇ ಇಲ್ಲ. ಇಲ್ಲದ್ದನ್ನು ಬೆಳಗಿಸುವುದು ಹೇಗೆ?

ಅದಕ್ಕೇ ಪಕ್ಕದ ಬಿಸಿಲುಮರಳನ್ನು ಕ್ಲೋನ್ ಸ್ಟಾಂಪ್‌ನಿಂದ ನಕಲು ಮಾಡಿ ಮುಚ್ಚಬೇಕು. ಮಾದರಿಯನ್ನು ನೇರವಾಗಿ ಎಡದಿಂದಲೋ ಬಲದಿಂದಲೋ ತೆಗೆದುಕೊಳ್ಳಿ. ಹತ್ತಿರದ ಮರಳಿನ ಗೆರೆಗಳು ದೊಡ್ಡವು, ದೂರದವು ಸಣ್ಣವು. ಮೇಲಿನದನ್ನು ಕೆಳಗೆ ತಂದರೆ ಅಳತೆ ಕೆಡುತ್ತದೆ. ಹೀಲಿಂಗ್ ಬ್ರಶ್ ಸುತ್ತಲಿನ ಬಣ್ಣವನ್ನು ಬೆರೆಸುವುದರಿಂದ ನೆರಳಿನ ಅಂಚಿಗೆ ತಗುಲಿದರೆ ಕಪ್ಪು ಕಲೆ ಹರಡುತ್ತದೆ. ಅದನ್ನು ಕೊನೆಯ ಸಣ್ಣಪುಟ್ಟ ತಿದ್ದುಪಡಿಗೆ ಇಟ್ಟುಕೊಳ್ಳಿ.

ನೆರಳಿನ ಅಂಚು ಕಾಲಿನ ಬಳಿ ಚೂಪಾಗಿ, ತಲೆಯ ಬಳಿ ಮಸುಕಾಗಿ ಇರುತ್ತದೆ. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ, ಅದೇ ಕಾರಣ. ಆದ್ದರಿಂದ ತಲೆಯ ಸುತ್ತ ಮೆತ್ತನೆಯ ಬ್ರಶ್ ಹಿಡಿದು, ಕಾಣುವ ಗಡಿಗಿಂತ ಸ್ವಲ್ಪ ಹೊರಗಿನಿಂದಲೇ ಮುಚ್ಚುತ್ತಾ ಬನ್ನಿ. ಇಲ್ಲದಿದ್ದರೆ ದೇಹ ಮಾಯವಾದರೂ ತಲೆಯ ಜಾಗದಲ್ಲಿ ಬೂದು ಉಂಗುರವೊಂದು ಉಳಿಯುತ್ತದೆ. ಮುಗಿದ ಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ: ಒಂದೇ ಚಿಪ್ಪು ಎರಡು ಕಡೆ ಬಿದ್ದಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.